ಉದ್ದ ವಿಡಿಯೋ ಕತ್ತರಿಸಿ ಶಾರ್ಟ್ಸ್ ಹಾಕಿದರೂ ದುಡ್ಡು ಯಾಕೆ ಬರುತ್ತಿಲ್ಲ?

ಓದುಗರ ಪ್ರಶ್ನೆ: ಯೂಟ್ಯೂಬ್‌ನಲ್ಲಿ ಸೈಕಲ್ ರಿಪೇರಿ ಬಗ್ಗೆ ಉದ್ದುದ್ದ ವಿಡಿಯೋ ಮಾಡುತ್ತೇನೆ. 40 ನಿಮಿಷದ ಒಂದು ವಿಡಿಯೋವನ್ನು ಒಂದೊಂದು ನಿಮಿಷದ ತುಂಡು ಮಾಡಿ, ಭಾಗ 1, ಭಾಗ 2 ಅಂತ ಶಾರ್ಟ್ಸ್ ಹಾಕಿದೆ. ಅಷ್ಟಿಷ್ಟು ವ್ಯೂಸ್ ಬಂತು. ಆದರೆ ದುಡ್ಡೂ ಇಲ್ಲ, ಉದ್ದ ವಿಡಿಯೋಗೆ ಯಾರೂ ಬರುತ್ತಲೂ ಇಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಗಡಿಯಾರ ನೋಡಿ ಕತ್ತರಿಸಿದ್ದೀರಿ, ತೊಂದರೆ ಶುರುವಾಗಿದ್ದೇ ಅಲ್ಲಿ. ಶಾರ್ಟ್ಸ್ ನೋಡುವವರು ನಿಮ್ಮನ್ನು ಹುಡುಕಿಕೊಂಡು ಬಂದವರಲ್ಲ. ಬೆರಳಿನಿಂದ ಸರಿಸುತ್ತಾ ಹೋಗುವಾಗ ನಿಮ್ಮ ಕ್ಲಿಪ್ ಅವರ ಮುಂದೆ ಬಂದಿದೆ ಅಷ್ಟೇ. ಭಾಗ 7 ಸಿಕ್ಕಿದವರಿಗೆ ಭಾಗ 6 ಸಿಕ್ಕಿರುವುದಿಲ್ಲ, ಭಾಗ 8 ಸಿಗುವ ಭರವಸೆಯೂ ಇಲ್ಲ. ಹಾಗಾಗಿ ಒಂದೊಂದು ಕ್ಲಿಪ್ಪೂ ತನ್ನಷ್ಟಕ್ಕೆ ಪೂರ್ತಿ ಇರಬೇಕು: ಒಂದು ಪ್ರಶ್ನೆ, ಅದಕ್ಕೆ ಒಂದು ಉತ್ತರ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಕ್ಲಿಪ್ ಯಾಕೆ ಮಾಡಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತೆ. ಉದ್ದ ವಿಡಿಯೋದಲ್ಲಿ ಬರುವ ಜಾಹೀರಾತಿನ ಹಣದಲ್ಲಿ 55% ವಿಡಿಯೋ ಮಾಡಿದವರಿಗೆ ಸೇರುತ್ತದೆ. ಶಾರ್ಟ್ಸ್ ಲೆಕ್ಕ ಬೇರೆ. ಅಲ್ಲಿ ಜಾಹೀರಾತು ಕ್ಲಿಪ್‌ಗಳ ನಡುನಡುವೆ ಬರುತ್ತದೆ, ನಿಮ್ಮ ಕ್ಲಿಪ್ ಒಳಗಲ್ಲ. ಆ ಹಣವನ್ನೆಲ್ಲ ಒಟ್ಟು ಹಾಕಿ, ಆಯಾ ದೇಶದಲ್ಲಿ ಯಾರ ಕ್ಲಿಪ್ ಎಷ್ಟು ನೋಡಿದ್ದಾರೆ ಅಂತ ಹಂಚುತ್ತಾರೆ, ಹಾಗೆ ನಿಮ್ಮ ಲೆಕ್ಕಕ್ಕೆ ಬಂದಿದ್ದರಲ್ಲಿ 45% ನಿಮಗೆ. ಈ ಹಂಚಿಕೆ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ. ಕ್ಲಿಪ್‌ಗೆ ಶಾರ್ಟ್ಸ್ ಲೈಬ್ರರಿಯ ಒಂದು ಹಾಡು ಸೇರಿಸಿದರೆ, ಆ ವ್ಯೂಸ್‌ಗೆ ಬಂದ ಹಣದಲ್ಲಿ ಅರ್ಧ ಹಂಚಿಕೆಗೆ ಮೊದಲೇ ಸಂಗೀತದವರ ಕಡೆ ಹೋಗುತ್ತದೆ. ನೀವು ಮಾತಾಡುವ ಕ್ಲಿಪ್‌ಗೆ ಹಿಂದೆ ಸುಮ್ನೆ ಒಂದು ಹಾಡು ಯಾಕೆ ಬೇಕು ಹೇಳಿ?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಜಾಹೀರಾತಿನ ಹಣ ಸಿಗಬೇಕಾದರೆ 1,000 ಚಂದಾದಾರರ ಜೊತೆ, 12 ತಿಂಗಳಲ್ಲಿ 4,000 ಗಂಟೆ ನೋಡಿದ ಸಮಯ ಬೇಕು ಅಲ್ವಾ? ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ 4,000ಕ್ಕೆ ಸೇರುವುದೇ ಇಲ್ಲ. ಬರೀ ಶಾರ್ಟ್ಸ್ ದಾರಿಯಲ್ಲಿ ಹೋಗುವುದಾದರೆ 90 ದಿನದಲ್ಲಿ 1 ಕೋಟಿ ವ್ಯೂಸ್ ಆಗಬೇಕು. ನಿಮ್ಮಂಥ ಕೆಲಸ ಕಲಿಸುವ ಚಾನೆಲ್‌ಗೆ ಅದು ಬಹಳ ದೂರದ ದಾರಿ. ಆದ್ದರಿಂದ ನನ್ನ ಪ್ರಕಾರ ಕ್ಲಿಪ್‌ನ ಕೆಲಸ ಹೊಸ ಜನರನ್ನು ಉದ್ದ ವಿಡಿಯೋ ತನಕ ಕರೆತರುವುದು. ದುಡಿಮೆ ಅಲ್ಲಿದೆ.

ಈಗ ನಿಮ್ಮ ಸೈಕಲ್ ವಿಡಿಯೋವನ್ನೇ ತೆಗೆದುಕೊಳ್ಳೋಣ. 14ನೇ ನಿಮಿಷದಲ್ಲಿ ಚೈನ್ ಬಗ್ಗೆ ಮಾತು ಶುರುವಾಗುತ್ತದೆ ಅಂದುಕೊಳ್ಳಿ. ಮೊದಲು ಒಂದು ನಿಮಿಷ ಚೈನ್ ಒರೆಸುತ್ತೀರಿ, ಆಮೇಲೆ ಸವೆತ ಅಳೆಯುತ್ತೀರಿ, 17ನೇ ನಿಮಿಷದ ಹತ್ತಿರ ಹೊಸ ಚೈನ್ ಹಾಕಿ ಪೆಡಲ್ ಒತ್ತಿದಾಗ ಅದು ಹಿಂದಿನ ಚಕ್ರದ ಹಲ್ಲಿನ ಮೇಲೆ ಟಕ್ ಅಂತ ಜಾರುತ್ತದೆ. ನಿಮ್ಮ ಕ್ಲಿಪ್ ಆ ಜಾರುವ ಕ್ಷಣದಿಂದ ಶುರುವಾಗಬೇಕು. "ನಮಸ್ಕಾರ, ಇವತ್ತಿನ ವಿಡಿಯೋದಲ್ಲಿ" ಬೇಡ. ಎರಡು ಸೆಕೆಂಡ್ ಚೈನ್ ಜಾರುವ ದೃಶ್ಯ, ಅದರ ಮೇಲೇ ನಿಮ್ಮ ದನಿ: "ಹೊಸ ಚೈನ್ ಹಾಕಿದ್ದೀರಿ, ಆದರೂ ಜಾರ್ತಿದೆ. ಯಾಕೆ?" ಆಮೇಲೆ ನೇರ ಉತ್ತರ. ಹಳೇ ಚೈನ್ ಸವೆದು ಉದ್ದ ಆಗಿತ್ತು, ಹಿಂದಿನ ಹಲ್ಲುಗಳೂ ಅದರ ಜೊತೆಗೇ ಸವೆದಿವೆ, ಹೊಸ ಚೈನ್ ಆ ಹಲ್ಲುಗಳಲ್ಲಿ ಸರಿಯಾಗಿ ಕೂರುತ್ತಿಲ್ಲ. ನೀವು ಯಾವಾಗಲೂ ಓಡಿಸುವ ಗೇರ್‌ನಲ್ಲಿ ಮಾತ್ರ ಜಾರಿ, ಅಪರೂಪಕ್ಕೆ ಬಳಸುವ ಗೇರ್‌ನಲ್ಲಿ ಜಾರದೇ ಇದ್ದರೆ ಹೆಚ್ಚಾಗಿ ಕಾರಣ ಇದೇ. ಇಷ್ಟು ಹೇಳಲು 35, 40 ಸೆಕೆಂಡ್ ಸಾಕು. ಶಾರ್ಟ್ಸ್ ಈಗ 3 ನಿಮಿಷದ ತನಕ ಹಾಕಬಹುದು ನಿಜ, ಆದರೆ ಜಾಗ ಇದೆ ಅಂತ ತುಂಬಬೇಕಾಗಿಲ್ಲ.

ಗಮನಿಸಿ, ನೋಡಿದವರಿಗೆ ಉತ್ತರ ಪೂರ್ತಿ ಸಿಕ್ಕಿದೆ. ಏನನ್ನೂ ಮುಚ್ಚಿಟ್ಟು "ಉಳಿದದ್ದು ಫುಲ್ ವಿಡಿಯೋದಲ್ಲಿ" ಅಂತ ಸತಾಯಿಸಿಲ್ಲ. ಆದರೂ ಚೈನ್ ಜಾರುತ್ತಿರುವವರಿಗೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ: ಸವೆತ ಅಳೆಯುವುದು ಹೇಗೆ, ಹಲ್ಲಿನ ಸೆಟ್ ಬಿಚ್ಚುವುದು ಹೇಗೆ? ಅದಕ್ಕೆ ಉದ್ದ ವಿಡಿಯೋ ಬೇಕೇ ಬೇಕು. ಕ್ಲಿಪ್ ಆರಿಸುವಾಗ ನೀವು ಹುಡುಕಬೇಕಾದದ್ದು ಇಂಥ ಜಾಗವನ್ನೇ, "ಯಾಕೆ" ಅನ್ನುವುದು ಅರ್ಧ ನಿಮಿಷದಲ್ಲಿ ಮುಗಿದು "ಹೇಗೆ" ಅನ್ನುವುದಕ್ಕೆ ಹತ್ತು ನಿಮಿಷ ಬೇಕಾಗುವ ಜಾಗ. ಉದ್ದ ವಿಡಿಯೋದ ಅನಲಿಟಿಕ್ಸ್‌ನಲ್ಲಿ ಜನ ಎಲ್ಲಿ ಹಿಂದೆ ಎಳೆದು ಮತ್ತೆ ನೋಡಿದ್ದಾರೆ ಅಂತ ಗ್ರಾಫ್ ಮೇಲೇಳುವುದು ಕಾಣುತ್ತೆ, ಮೊದಲು ಅಲ್ಲಿ ಹುಡುಕಿ. 40 ನಿಮಿಷದಲ್ಲಿ ಇಂಥವು ಐದಾರು ಸಿಕ್ಕರೂ ಸಾಕು, ನಲವತ್ತು ಬೇಕಿಲ್ಲ.

ಇನ್ನು ಚೌಕಟ್ಟು. ಅಡ್ಡ ವಿಡಿಯೋವನ್ನು ಶಾರ್ಟ್ಸ್‌ನ ನಿಂತ ಚೌಕಟ್ಟಿಗೆ ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ ಉಳಿಯುತ್ತದೆ. ಎಡಕ್ಕೆ ನಿಮ್ಮ ಮುಖ, ಬಲಕ್ಕೆ ಗೇರ್ ಇದ್ದರೆ ಎರಡರಲ್ಲಿ ಒಂದು ಹೋಯಿತು. ಮುಖ ಬಿಡಿ, ಗೇರ್ ಇಟ್ಟುಕೊಳ್ಳಿ. 4ಕೆ ನಲ್ಲಿ ಚಿತ್ರೀಕರಿಸಿದ್ದರೆ ಹೀಗೆ ಕತ್ತರಿಸಿದ ಮೇಲೂ ಚಿತ್ರ ಸ್ಪಷ್ಟವಾಗಿರುತ್ತೆ, 1080ರಲ್ಲಿ ತೆಗೆದದ್ದು ಸ್ವಲ್ಪ ಮಸುಕಾಗುತ್ತೆ. ಪರದೆಯ ಕೆಳಭಾಗವನ್ನು ಶೀರ್ಷಿಕೆ, ಬಲ ಅಂಚನ್ನು ಬಟನ್‌ಗಳು ಮುಚ್ಚುತ್ತವೆ, ಆದ್ದರಿಂದ ಅಕ್ಷರಗಳನ್ನು ನಡುವಿಗಿಂತ ಸ್ವಲ್ಪ ಮೇಲೆ ಇಡಿ.

ಉದ್ದ ವಿಡಿಯೋಗೆ ದಾರಿ ಹಾಕುವುದನ್ನು ಹೆಚ್ಚಿನವರು ಮರೆಯುತ್ತಾರೆ. ಕ್ಲಿಪ್‌ನ ವಿವರಣೆಯಲ್ಲೋ ಕಾಮೆಂಟಿನಲ್ಲೋ ಲಿಂಕ್ ಹಾಕಿದರೆ ಅದು ಒತ್ತಲು ಬರುವುದಿಲ್ಲ, 2023ರ ಆಗಸ್ಟ್ ಕೊನೆಯಿಂದ ಅದನ್ನು ನಿಲ್ಲಿಸಿದ್ದಾರೆ. ಅದರ ಬದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ಶಾರ್ಟ್ ತೆರೆದು `Related video` ಅನ್ನುವ ಕಡೆ ನಿಮ್ಮ ಉದ್ದ ವಿಡಿಯೋ ಆರಿಸಿ, ಆಗ ಕ್ಲಿಪ್ ಮೇಲೇ ಒತ್ತುವ ಲಿಂಕ್ ಬರುತ್ತದೆ. ಹಾಗೆ ಬಂದವರು 17ನೇ ನಿಮಿಷವನ್ನು ತಾವೇ ಹುಡುಕಬೇಕಾಗಬಾರದು. ಉದ್ದ ವಿಡಿಯೋದ ವಿವರಣೆಯಲ್ಲಿ ಸಮಯ ಬರೆದರೆ ಅಧ್ಯಾಯಗಳು ಆಗುತ್ತವೆ:

```
00:00 ಶುರು
14:10 ಚೈನ್ ಸವೆತ ಅಳೆಯುವುದು
17:05 ಹೊಸ ಚೈನ್ ಯಾಕೆ ಜಾರುತ್ತೆ
19:30 ಹಲ್ಲಿನ ಸೆಟ್ ಬಿಚ್ಚುವುದು
```

ಮೊದಲ ಸಾಲು 00:00 ಇರಲೇಬೇಕು, ಕನಿಷ್ಠ ಮೂರು ಸಾಲು ಬೇಕು, ಇಲ್ಲದಿದ್ದರೆ ಅಧ್ಯಾಯ ಆಗಲ್ಲ.

ಕೆಲಸ ಆಗುತ್ತಿದೆಯೋ ಇಲ್ಲವೋ ತಿಳಿಯಲು ಬರೀ ವ್ಯೂಸ್ ನೋಡಬೇಡಿ. 2025ರ ಮಾರ್ಚ್ ಕೊನೆಯಿಂದ ಕ್ಲಿಪ್ ಓಡಲು ಶುರುವಾದರೆ ಸಾಕು, ಅದು ಒಂದು ವ್ಯೂ. ದುಡ್ಡಿನ ಲೆಕ್ಕಕ್ಕೆ ಹಿಡಿಯುವುದು `Engaged views` ಅನ್ನುವ ಸಂಖ್ಯೆ, ಅಂದರೆ ತಕ್ಷಣ ಸರಿಸದೆ ನೋಡುತ್ತಾ ಇದ್ದ ವ್ಯೂಸ್ ಮಾತ್ರ. ಕ್ಲಿಪ್ ನಿಂತು ನೋಡಿದವರೆಷ್ಟು, ಸರಿಸಿ ಹೋದವರೆಷ್ಟು ಅಂತಲೂ ಸ್ಟುಡಿಯೋ ತೋರಿಸುತ್ತದೆ. ಸರಿಸಿ ಹೋದವರೇ ಜಾಸ್ತಿ ಇದ್ದರೆ ಮೊದಲ ಎರಡು ಸೆಕೆಂಡ್ ಬದಲಿಸಿ. ಪೂರ್ತಿ ನೋಡಿದ್ದಾರೆ, ಆದರೆ ಆ ವಾರ ಉದ್ದ ವಿಡಿಯೋದ ಗ್ರಾಫ್ ಅಲುಗಾಡಿಲ್ಲ ಅಂದ್ರೆ ಮುಂದಿನ ಪ್ರಶ್ನೆ ಹುಟ್ಟದ ಜಾಗವನ್ನು ಆರಿಸಿದ್ದೀರಿ ಅಂತ ಅರ್ಥ.

ಮುಂದಿನ ವಿಡಿಯೋ ತೆಗೆಯುವಾಗ ಪ್ರತಿ ಭಾಗದ ಶುರುವಿನಲ್ಲಿ ಅದರ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ, ಒಂದು ಸೆಕೆಂಡ್ ಸುಮ್ಮನಿರಿ. "ಆಗಲೇ ಹೇಳಿದ ಹಾಗೆ" ಅನ್ನುವುದನ್ನು ಬಿಟ್ಟುಬಿಡಿ, ಆ ಮಾತು ಇದ್ದ ತುಂಡನ್ನು ಬೇರೆ ಕಡೆ ಬಳಸಲು ಆಗುವುದಿಲ್ಲ.