ಬಾಂಡ್ ಯೀಲ್ಡ್ ಮತ್ತು ರೂಪಾಯಿ: 2013ರಿಂದ ಕಲಿತು ಎಚ್ಚರಿಕೆ ಗಂಟೆ ಕಟ್ಟುವುದು

ಹತ್ತು-ಹದಿನೈದು ವರ್ಷಕ್ಕೆ ಹಣ ಹೂಡಿದವರು ದಿನವೂ ಮಾರುಕಟ್ಟೆ ನೋಡಬೇಕಾಗಿಲ್ಲ. ಆದರೆ ದೇಶದ ಹಣಕಾಸಿನ ತಳವೇ ಅಲುಗುತ್ತಿದ್ದರೆ ಅದು ತಿಳಿಯಬೇಕು. ಅದಕ್ಕೆ ಎರಡು ಅಂಕಿ ಸಾಕು: ಭಾರತದ 10 ವರ್ಷದ ಸರ್ಕಾರಿ ಬಾಂಡ್ ಯೀಲ್ಡ್ ಮತ್ತು ಡಾಲರ್-ರೂಪಾಯಿ ದರ. ಇವೆರಡನ್ನೂ ಒಟ್ಟಿಗೆ ಓದುವುದು ಹೇಗೆ ಎಂಬುದೇ ಈ ಟಿಪ್ಪಣಿಯ ವಿಷಯ.

ಯೀಲ್ಡ್ ಎಂದರೆ ಬಾಂಡನ್ನು ಇಂದಿನ ಬೆಲೆಗೆ ಕೊಂಡು ಕೊನೆಯವರೆಗೆ ಇಟ್ಟರೆ ವರ್ಷಕ್ಕೆ ಸಿಗುವ ಲಾಭದ ದರ; ಬಾಂಡ್ ಬೆಲೆ ಬಿದ್ದರೆ ಯೀಲ್ಡ್ ಏರುತ್ತದೆ. ಯೀಲ್ಡ್ ಏರಿದ್ದು ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಆರ್ಥಿಕತೆ ಬಿಸಿಯೇರಿದಾಗ ಯೀಲ್ಡ್ ಏರುತ್ತದೆ, ಹೆಚ್ಚು ಬಡ್ಡಿಯ ಆಸೆಗೆ ವಿದೇಶಿ ಹಣ ಬರುತ್ತದೆ, ರೂಪಾಯಿ ಗಟ್ಟಿಯಾಗುತ್ತದೆ. ಯೀಲ್ಡ್ ಏರುತ್ತಿದ್ದರೂ ರೂಪಾಯಿ ಕುಸಿಯುತ್ತಿದ್ದರೆ ಮಾತ್ರ ಕಥೆ ಬೇರೆ. ಹೆಚ್ಚು ಬಡ್ಡಿ ಕೊಡುತ್ತೇವೆಂದರೂ ಹಣ ಹೊರಗೆ ಹೋಗುತ್ತಿದೆ ಎಂದು ಅದರರ್ಥ.

2013ರಲ್ಲಿ ಆದದ್ದು ಇದೇ. ಆ ಮೇ ತಿಂಗಳ ಆರಂಭದಲ್ಲಿ ಅಮೆರಿಕದ 10 ವರ್ಷದ ಯೀಲ್ಡ್ 1.7% ಆಸುಪಾಸಿನಲ್ಲಿತ್ತು, ನಮ್ಮದು ಸುಮಾರು 7.7%. ಅಂದರೆ ಆರು ಪರ್ಸೆಂಟೇಜ್ ಪಾಯಿಂಟ್ ಅಂತರ. ಮೇ 22ರಂದು ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ ಬಾಂಡ್ ಖರೀದಿಯನ್ನು ತಗ್ಗಿಸುವ ಸುಳಿವು ಕೊಟ್ಟರು. ಜುಲೈ ಮೊದಲ ವಾರಕ್ಕೆ ಅಮೆರಿಕದ ಯೀಲ್ಡ್ 2.7% ಮುಟ್ಟಿತು, ನಮ್ಮದು 7.5% ಹತ್ತಿರವೇ ಇತ್ತು. ಅಂತರ ಐದಕ್ಕಿಂತ ಕೆಳಗಿಳಿಯಿತು. ಭಾರತದಲ್ಲಿ ಹಣ ಇಟ್ಟರೆ ಸಿಗುವ ಹೆಚ್ಚುವರಿ ಲಾಭ ಕರಗಿದಾಗ ವಿದೇಶಿ ಹೂಡಿಕೆದಾರರು ಬಾಂಡ್ ಮಾರಿ ಡಾಲರ್ ಕೊಂಡರು. ಏಪ್ರಿಲ್ ಕೊನೆಯಲ್ಲಿ 54ರ ಹತ್ತಿರವಿದ್ದ ಡಾಲರ್ ಜೂನ್ ಕೊನೆಗೆ 60 ದಾಟಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಮೊದಲು ಬಿದ್ದದ್ದು ರೂಪಾಯಿ. ಯೀಲ್ಡ್ ಆಗ ಹೆಚ್ಚೇನೂ ಕದಲಿರಲಿಲ್ಲ. ಅದು ಹಾರಿದ್ದು ಜುಲೈ 16ರಂದು. ಹಿಂದಿನ ಸಂಜೆ ರಿಸರ್ವ್ ಬ್ಯಾಂಕ್ ರೂಪಾಯಿಯನ್ನು ಕಾಯಲು, ಬ್ಯಾಂಕುಗಳು ತನ್ನಿಂದ ತುರ್ತಾಗಿ ಒಂದು ರಾತ್ರಿಗೆ ಪಡೆಯುವ ಸಾಲದ ಬಡ್ಡಿಯಾದ ಎಂಎಸ್‌ಎಫ್ ದರವನ್ನು 8.25%ರಿಂದ 10.25%ಕ್ಕೆ ಏರಿಸಿ, ಬ್ಯಾಂಕುಗಳು ರೆಪೊ ಮೂಲಕ ತನ್ನಿಂದ ಪಡೆಯುವ ದಿನದ ಸಾಲಕ್ಕೆ ₹75,000 ಕೋಟಿಯ ಮಿತಿ ಹಾಕಿತ್ತು. ರೂಪಾಯಿಯೇ ದುಬಾರಿಯಾದರೆ ಅದನ್ನು ಸಾಲ ತಂದು ಡಾಲರ್ ಕೊಳ್ಳುವುದು ಕಷ್ಟ ಎಂಬ ಲೆಕ್ಕ. ಅದರ ಪೆಟ್ಟು ಬಾಂಡ್‌ಗಳಿಗೆ ಬಿತ್ತು: ಒಂದೇ ದಿನದಲ್ಲಿ ಯೀಲ್ಡ್ 8% ದಾಟಿತು, ಆಗಸ್ಟ್ ಮೂರನೇ ವಾರಕ್ಕೆ 9% ಮೀರಿತು.

ಈಗ ಗಂಟೆ ಕಟ್ಟೋಣ. ಯಾರಿಗಾದರೂ ಮೊದಲು ಹೊಳೆಯುವ ನಿಯಮ ಹೀಗಿರುತ್ತದೆ: 20 ವಹಿವಾಟು ದಿನಗಳಲ್ಲಿ ಡಾಲರ್ 2.5% ಏರಿರಬೇಕು, ಅದೇ 20 ದಿನಗಳಲ್ಲಿ ಯೀಲ್ಡ್ 50 ಬೇಸಿಸ್ ಪಾಯಿಂಟ್, ಅಂದರೆ ಅರ್ಧ ಪರ್ಸೆಂಟೇಜ್ ಪಾಯಿಂಟ್ ಏರಿರಬೇಕು. ಇದನ್ನು 2013ಕ್ಕೆ ಹಿಡಿದು ನೋಡಿ. ಜುಲೈ 16ರಂದು ಯೀಲ್ಡ್ ಷರತ್ತು ಪೂರ್ತಿಯಾಯಿತು. ಆದರೆ ಡಾಲರ್ ಜೂನ್ ಮಧ್ಯದಲ್ಲೇ 58 ದಾಟಿತ್ತು, ಜುಲೈ 16ಕ್ಕೆ 59ರ ಆಸುಪಾಸು. 20 ದಿನದ ಕಿಟಕಿಯಲ್ಲಿ ನೋಡಿದರೆ ಏರಿಕೆ 2.5% ಮುಟ್ಟುವುದಿಲ್ಲ. ಗಂಟೆ ಮೌನ. ಅದು ಬಡಿಯುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ, ಬಾಂಡ್‌ನ ನಷ್ಟದ ದೊಡ್ಡ ಪಾಲು ಆಗಿಹೋಗಿರುತ್ತದೆ.

ಪರಿಹಾರ ಸರಳ. ಕರೆನ್ಸಿಯ ಸೂಚನೆಗೆ ನೆನಪು ಕೊಡಬೇಕು. ರೂಪಾಯಿ ಒಮ್ಮೆ ಗಡಿ ದಾಟಿದರೆ ಹಳದಿ ಬಾವುಟ ಏರಿಸಿ, ಅದನ್ನು 60 ವಹಿವಾಟು ದಿನ ಇಳಿಸಬೇಡಿ. ಅಷ್ಟರೊಳಗೆ ಯೀಲ್ಡ್ ಗಡಿ ದಾಟಿದರೆ ಕೆಂಪು. ಸ್ಪ್ರೆಡ್‌ಶೀಟಿನಲ್ಲಿ A ಕಾಲಂ ದಿನಾಂಕ, B ಡಾಲರ್ ದರ, C ಯೀಲ್ಡ್ ಇರಲಿ. ದತ್ತಾಂಶ 2ನೇ ಸಾಲಿನಿಂದ ಶುರು. D, E, F ಸೂತ್ರಗಳನ್ನು 22ನೇ ಸಾಲಿನಿಂದಲೂ, G, H ಸೂತ್ರಗಳನ್ನು 81ನೇ ಸಾಲಿನಿಂದಲೂ ಕೆಳಗೆ ಎಳೆಯಿರಿ.

```
D22: =B22/B2-1
E22: =(C22-C2)*100
F22: =IF(D22>=0.025,1,0)
G81: =MAX(F22:F81)
H81: =IF(AND(G81=1,E81>=50),"RED",IF(G81=1,"YELLOW",""))
```

ಈ ನಿಯಮದಲ್ಲಿ 2013ರ ಹಳದಿ ಬಾವುಟ ಮೇ ಕೊನೆಯ ವಾರದಲ್ಲೇ ಏರುತ್ತದೆ, ಕೆಂಪು ಜುಲೈ 16ಕ್ಕೆ ಬರುತ್ತದೆ. ಹಳದಿ ಮತ್ತು ಕೆಂಪಿನ ನಡುವಿನ ಆ ಏಳು ವಾರಗಳೇ ನಮಗೆ ಸಿಗುವ ಕಾಲಾವಕಾಶ.

ದತ್ತಾಂಶದಲ್ಲಿ ಎರಡು ಕಡೆ ಎಡವುತ್ತೇವೆ. ಡಾಲರ್ ದರ ಮತ್ತು ಯೀಲ್ಡ್ ಎರಡೂ ಸಿಕ್ಕ ದಿನಗಳನ್ನು ಮಾತ್ರ ಸಾಲಿಗೆ ಸೇರಿಸಿ; ಖಾಲಿ ಕೋಶವನ್ನು ಶೀಟ್ ಸೊನ್ನೆ ಎಂದು ಓದಿ ಸುಳ್ಳು ಗಂಟೆ ಬಡಿಯುತ್ತದೆ. ಎರಡನೆಯದು ಬೆಂಚ್‌ಮಾರ್ಕ್ ಬದಲಾವಣೆ. '10 ವರ್ಷದ ಬಾಂಡ್' ಎಂದರೆ ಸದಾ ಒಂದೇ ಬಾಂಡ್ ಅಲ್ಲ. ಹೊಸದು ಬಂದಾಗ ವಹಿವಾಟು ಅದರತ್ತ ಸರಿಯುತ್ತದೆ, ಹಳೆಯದಕ್ಕೂ ಹೊಸದಕ್ಕೂ ಯೀಲ್ಡ್ ಒಂದೇ ಇರುವುದಿಲ್ಲ. 2013ರ ಮೇನಲ್ಲೇ 2023ಕ್ಕೆ ತೀರುವ 7.16% ಬಾಂಡ್ ಬಂದಿತ್ತು. ಅಂಥ ದಿನ ಸರಣಿಯಲ್ಲಿ ಕಾಣುವ ಜಿಗಿತ ಮಾರುಕಟ್ಟೆಯದ್ದಲ್ಲ, ಹೆಸರು ಬದಲಾದದ್ದರದು. ಬಾಂಡ್‌ನ ಹೆಸರನ್ನು ಬೇರೊಂದು ಕಾಲಂನಲ್ಲಿ ಬರೆದಿಟ್ಟರೆ ಗೊಂದಲವಿಲ್ಲ.

ಹಳದಿ ಬಂದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ರೂಪಾಯಿ ಸೋತದ್ದೋ, ಡಾಲರ್ ಗೆದ್ದದ್ದೋ? ಉತ್ತರ ಯೂರೋ-ರೂಪಾಯಿ ದರದಲ್ಲಿದೆ. 2013ರ ಮೇ ಮತ್ತು ಆಗಸ್ಟ್ ನಡುವೆ ಯೂರೋ ಸುಮಾರು ₹71ರಿಂದ 90ರ ಹತ್ತಿರಕ್ಕೆ ಏರಿತು, ಅಂದರೆ ನೋವು ನಮ್ಮ ಮನೆಯದೇ. 2022ರಲ್ಲಿ ಡಾಲರ್ ಎದುರು ರೂಪಾಯಿ ಬಿದ್ದರೂ ಯೂರೋ ಎದುರು ಗಟ್ಟಿಯಾಯಿತು; ಸೆಪ್ಟೆಂಬರ್‌ನಲ್ಲಿ ಯೂರೋ ₹80ಕ್ಕಿಂತ ಕೆಳಗಿತ್ತು. ಹಾಗಾಗಿ ಎರಡು ದರಗಳೂ ಒಟ್ಟಿಗೆ ಏರಿದಾಗ ಮಾತ್ರ ಹಳದಿಯನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಸರಿ ಎಂಬುದು ನಮ್ಮ ಅಭಿಪ್ರಾಯ.

ಈ ಗಂಟೆಗೆ ಕಿವುಡೂ ಇದೆ. ರಿಸರ್ವ್ ಬ್ಯಾಂಕ್ ತನ್ನ ಡಾಲರ್ ಮಾರಿ ದರವನ್ನು ಹಿಡಿದಿಟ್ಟರೆ ರೂಪಾಯಿ 2.5% ಬೀಳುವುದೇ ಇಲ್ಲ. ಆಗ ಒತ್ತಡ ಕಾಣುವುದು ವಿದೇಶಿ ವಿನಿಮಯ ಸಂಗ್ರಹದಲ್ಲಿ. ರಿಸರ್ವ್ ಬ್ಯಾಂಕ್ ಪ್ರತಿ ಶುಕ್ರವಾರ ಆ ಅಂಕಿ ಪ್ರಕಟಿಸುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ 642 ಶತಕೋಟಿ ಡಾಲರ್ ಇದ್ದದ್ದು 2022ರ ಅಕ್ಟೋಬರ್‌ಗೆ 525ರ ಹತ್ತಿರಕ್ಕೆ ಇಳಿದಿತ್ತು. ಆದರೆ ಅದಷ್ಟೂ ಮಾರಿದ ಡಾಲರ್ ಅಲ್ಲ. ಸಂಗ್ರಹದಲ್ಲಿರುವ ಯೂರೋ ಮುಂತಾದವುಗಳ ಡಾಲರ್ ಬೆಲೆ ಕುಸಿದದ್ದೂ ಅದರಲ್ಲಿ ಸೇರಿದೆ.

ಕೆಂಪು ಬಂದರೆ ಮೊದಲು ತೆರೆದು ನೋಡಬೇಕಾದದ್ದು ಡೆಟ್ ಫಂಡ್‌ಗಳ ಪಟ್ಟಿ. ₹100 ಮುಖಬೆಲೆಯ 7.16%ರ 10 ವರ್ಷದ ಬಾಂಡ್, ಯೀಲ್ಡ್ 9.16% ಆದಾಗ ಸುಮಾರು ₹87ಕ್ಕೆ ಇಳಿಯುತ್ತದೆ. ಸರ್ಕಾರಿ ಬಾಂಡ್‌ಗಳಲ್ಲಿ ಹೂಡುವ ದೀರ್ಘಾವಧಿಯ ಗಿಲ್ಟ್ ಫಂಡ್‌ನಲ್ಲಿ ಎರಡು ವರ್ಷದೊಳಗೆ ಬೇಕಾಗುವ ಹಣವಿದ್ದರೆ ಹಳದಿಯಲ್ಲೇ ಅದನ್ನು ಲಿಕ್ವಿಡ್ ಫಂಡ್‌ಗೆ ಸರಿಸುವುದು ಒಳಿತು. ಮಕ್ಕಳ ವಿದೇಶಿ ಓದಿಗೆ ಡಾಲರ್ ಶುಲ್ಕ ಕಟ್ಟಬೇಕಿರುವವರು ಒಂದು ಕಂತನ್ನಾದರೂ ಮುಂಚೆಯೇ ಕೊಂಡಿಡಬಹುದು. ಈಕ್ವಿಟಿಯನ್ನು ಮಾತ್ರ ಈ ಗಂಟೆ ಕೇಳಿ ಮಾರಬೇಡಿ. 2013ರ ಆಗಸ್ಟ್ ಕೊನೆಯಲ್ಲಿ, ಡಾಲರ್ 68 ದಾಟಿದ್ದ ದಿನಗಳಲ್ಲಿ, ಸೆನ್ಸೆಕ್ಸ್ 18,000ದ ಸುತ್ತ ಇತ್ತು. ನವೆಂಬರ್ ಆರಂಭಕ್ಕೆ 21,000 ದಾಟಿತ್ತು.