ಮನೆಯಲ್ಲೇ ಮಾಡಿದ ಮೋಟಾರ್ ಬೋರ್ಡನ್ನು ದಿನವಿಡೀ ಆನ್ ಇಡಬಹುದಾ?

ಪ್ರಶ್ನೆ: ಟ್ಯಾಂಕ್ ತುಂಬಿಸುವ 1 ಎಚ್‌ಪಿ ಮೋಟಾರಿಗೆ ನಾನೇ ಒಂದು ಬೋರ್ಡ್ ಮಾಡಿದ್ದೇನೆ. ಝೀರೋ ಪಿಸಿಬಿ ಮೇಲೆ ನೋಡ್‌ಎಂಸಿಯು, 7805, ಎರಡು 5 ವೋಲ್ಟ್ ರಿಲೇ ಇವೆ. 12 ವೋಲ್ಟ್ ಅಡಾಪ್ಟರಿನಿಂದ ಓಡುತ್ತದೆ. ಮಧ್ಯಾಹ್ನ ಮೋಟಾರ್ ಓಡುವಾಗ ಬೋರ್ಡ್ ತಾನಾಗೇ ರೀಸ್ಟಾರ್ಟ್ ಆಗುತ್ತದೆ. 24 ಗಂಟೆ ಬಿಡಬಹುದಾ?

ಉತ್ತರ: ಈಗಿರುವ ಹಾಗೆ ಬಿಡಬೇಡಿ. ಮಧ್ಯಾಹ್ನ ಮಾತ್ರ ರೀಸ್ಟಾರ್ಟ್ ಆಗುವುದನ್ನು ನೋಡಿದರೆ ನನಗೆ ಮೊದಲ ಅನುಮಾನ ಬರುವುದು 7805 ಮೇಲೆ. ಅದು 12 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 7 ವೋಲ್ಟನ್ನು ಬಿಸಿಯಾಗಿಯೇ ಕಳೆಯುತ್ತದೆ. ಎರಡೂ ರಿಲೇ ಆನ್ ಇದ್ದಾಗ ಬೋರ್ಡ್ ಸುಮಾರು 250 ಮಿಲಿಆಂಪ್ ಎಳೆಯುತ್ತದೆ ಅಂದುಕೊಳ್ಳಿ. 7 × 0.25, ಅಂದರೆ 1.75 ವ್ಯಾಟ್. ಹೀಟ್‌ಸಿಂಕ್ ಇಲ್ಲದ 7805ರ ಒಳಗಿನ ಚಿಪ್ ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. ಲೆಕ್ಕ ಹಾಕಿದರೆ 114 ಡಿಗ್ರಿ. ಮುಚ್ಚಿದ ಡಬ್ಬಿಯೊಳಗಿನ ಗಾಳಿಯೇ 40 ಡಿಗ್ರಿ ಇದ್ದರೆ ಒಟ್ಟು 154 ಆಯಿತು. 150ರ ಆಸುಪಾಸಿನಲ್ಲಿ 7805 ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಅದರ ಜಾಗದಲ್ಲಿ ಬಕ್ ಕನ್ವರ್ಟರ್ ಹಾಕಿ. ಅಷ್ಟೇ ಕರೆಂಟಿಗೆ ಕಾಲು ವ್ಯಾಟಿನಷ್ಟು ಮಾತ್ರ ಬಿಸಿ ಆಗುತ್ತದೆ.

ಆದರೆ ಬೆಂಕಿಯ ಭಯ ಇರುವುದು 230 ವೋಲ್ಟ್ ಕಡೆ. ರಿಲೇ ಮೇಲೆ 10 ಆಂಪ್ ಅಂತ ಬರೆದಿರುವುದು ಹೀಟರಿನಂಥ ಲೋಡಿಗೆ. ಮೋಟಾರ್ ಶುರುವಾಗುವ ಕ್ಷಣ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡುಬಿಡಬಹುದು. ಹಾಗಾದರೆ ನಿಮ್ಮ ಕೋಡ್ 'ಆಫ್' ಅಂದರೂ ಮೋಟಾರ್ ನಿಲ್ಲುವುದಿಲ್ಲ. ಅದಕ್ಕೇ ಮೋಟಾರಿನಂಥ ಲೋಡಿಗೆಂದೇ ಇರುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್ ಹಾಕಿ. ರಿಲೇ ಅದರ ಕಾಯಿಲನ್ನು ಮಾತ್ರ ಆನ್ ಮಾಡಲಿ, ಮೋಟಾರಿನ ಕರೆಂಟು ಕಾಂಟ್ಯಾಕ್ಟರ್ ಮೂಲಕ ಹೋಗಲಿ. ಟ್ಯಾಂಕಿನ ಫ್ಲೋಟ್ ಸ್ವಿಚ್ಚನ್ನೂ ಕಾಯಿಲ್ ವೈರಿಗೆ ಸೀರೀಸ್‌ನಲ್ಲಿ ಸೇರಿಸಿ. ಆಗ ಕೋಡ್ ಕೈಕೊಟ್ಟರೂ, ರಿಲೇ ಅಂಟಿಕೊಂಡರೂ ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲುತ್ತದೆ. ಝೀರೋ ಪಿಸಿಬಿಯ ತೆಳು ತಾಮ್ರದ ಮೇಲೆ ಮೋಟಾರಿನ ಕರೆಂಟ್ ಹರಿಯಲೇಬಾರದು.

ಇನ್ನೊಂದು ಜಾಗವನ್ನು ತುಂಬಾ ಜನ ನೋಡುವುದೇ ಇಲ್ಲ: ಸ್ಕ್ರೂ ಟರ್ಮಿನಲ್. ಎಳೆಎಳೆ ವೈರಿನ ತುದಿಗೆ ಸೋಲ್ಡರ್ ಹಚ್ಚಿ ಬಿಗಿಯಬೇಡಿ. ಸೋಲ್ಡರ್ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ. ಸ್ಕ್ರೂ ಸಡಿಲವಾಗಿ ಅಲ್ಲೇ ಬಿಸಿ ಶುರುವಾಗುತ್ತದೆ. ತುದಿಗೆ ಲಗ್ ಕ್ರಿಂಪ್ ಮಾಡಿ.

ಇದೆಲ್ಲ ಆದ ಮೇಲೆ, ನೀವು ಮನೆಯಲ್ಲೇ ಇರುವಾಗ, ಡಬ್ಬಿ ಮುಚ್ಚಿ ಬಿಸಿಲು ಹೊತ್ತಿನಲ್ಲಿ ಬೋರ್ಡನ್ನು ಮೂರ್ನಾಲ್ಕು ಗಂಟೆ ಓಡಿಸಿ. ಮೋಟಾರನ್ನೂ ಒಮ್ಮೆ ಟ್ಯಾಂಕ್ ತುಂಬುವವರೆಗೆ ಓಡಿಸಿ. ಅದು ನಿಂತ ಕೂಡಲೇ ಎಂಸಿಬಿ ಇಳಿಸಿ, ಅಡಾಪ್ಟರ್ ಕಿತ್ತು, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಡಬ್ಬಿ ತೆರೆಯಿರಿ. ತಡಮಾಡದೆ ಮಲ್ಟಿಮೀಟರಿನ ಟೆಂಪರೇಚರ್ ಪ್ರೋಬನ್ನು ಒಂದೊಂದೇ ಟರ್ಮಿನಲ್ಲಿಗೆ ತಾಗಿಸಿ ನೋಡಿ. ಸಾಮಾನ್ಯ ಪಿವಿಸಿ ವೈರಿನ ಮಿತಿ 70 ಡಿಗ್ರಿ, ಹಾಗಾಗಿ 60 ದಾಟಿದರೆ ನಾನು ಒಪ್ಪುವುದಿಲ್ಲ. ಒಂದು ಟರ್ಮಿನಲ್ ಮಾತ್ರ ಪಕ್ಕದವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಜೋಡಣೆ ಸರಿಯಿಲ್ಲ ಅಂತಲೇ ಅರ್ಥ. ವೈರಿನ ತುದಿ ಕಂದಾಗಿದ್ದರೆ, ಸುಟ್ಟ ವಾಸನೆ ಬಂದರೆ ಬರೀ ಸ್ಕ್ರೂ ಬಿಗಿದು ಸುಮ್ಮನಾಗಬೇಡಿ, ಆ ಟರ್ಮಿನಲ್ಲನ್ನೇ ಬದಲಿಸಿ. ಒಂದು ವಾರದ ನಂತರ ಇದೇ ಪರೀಕ್ಷೆ ಮತ್ತೆ ಮಾಡಿ. ಅಲ್ಲಿಯವರೆಗೆ ರಾತ್ರಿ ಎಂಸಿಬಿ ಇಳಿಸಿ, ಅಡಾಪ್ಟರ್ ಕಿತ್ತಿಟ್ಟೇ ಮಲಗಿ.