ಕಲಬುರಗಿಯಿಂದ ನೇರ ಪಶ್ಚಿಮಕ್ಕೆ ಹೊರಟರೆ ಎಲ್ಲಿ ತಲುಪುತ್ತೀರಿ?

ಕಲಬುರಗಿ ಇರುವುದು 17.33° ಉತ್ತರ ಅಕ್ಷಾಂಶ, 76.83° ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಸರಿಯಾಗಿ ಪಶ್ಚಿಮಕ್ಕೆ ಮುಖ ಮಾಡಿ, ಎಡಬಲ ತಿರುಗದೆ 4000 ಕಿ.ಮೀ. ಹೋದರೆ? ಅಕ್ಷಾಂಶ ಅದೇ ಇರುತ್ತೆ, ಕೆಂಪು ಸಮುದ್ರಕ್ಕೆ ಬೀಳ್ತೀವಿ ಅನ್ನುವವರೇ ಜಾಸ್ತಿ. ಶಾಲೆಯ ಗೋಡೆಯ ನಕಾಶೆ ಕಲಿಸಿದ ತಪ್ಪು ಇದು. ನಿಜವಾಗಿ ತಲುಪುವುದು ಇಥಿಯೋಪಿಯಾಕ್ಕೆ.

ಲೆಕ್ಕ ಇಷ್ಟೇ:

```
φ2 = asin(sin φ1·cos δ + cos φ1·sin δ·cos θ)
λ2 = λ1 + atan2(sin θ·sin δ·cos φ1,
                cos δ − sin φ1·sin φ2)
```

φ ಅಕ್ಷಾಂಶ, λ ರೇಖಾಂಶ. θ ಅಂದರೆ ಉತ್ತರದಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಅಳೆದ ದಿಕ್ಕು. ಪಶ್ಚಿಮಕ್ಕೆ ಅದು 270°. δ ಅಂದರೆ ದೂರವನ್ನು ಭೂಮಿಯ ತ್ರಿಜ್ಯದಿಂದ ಭಾಗಿಸಿದ್ದು: 4000/6371 = 0.6279 ರೇಡಿಯನ್, ಅಂದರೆ 35.97°.

270°ಯ ಕೊಸೈನ್ ಸೊನ್ನೆ. ಹಾಗಾಗಿ ಮೊದಲ ಸಾಲಿನ ಎರಡನೇ ತುಂಡು ಮಾಯ. ಉಳಿಯುವುದು 0.2979 × 0.8093 = 0.2411. ಅಕ್ಷಾಂಶ 13.95°. ಎರಡನೇ ಸಾಲಿನಿಂದ ರೇಖಾಂಶ 37.25° ಕಡಿಮೆಯಾಗಿ 39.58° ಆಗುತ್ತದೆ. ಅದು ಮೆಕೆಲೆ ಊರಿನಿಂದ ಸುಮಾರು 50 ಕಿ.ಮೀ. ಉತ್ತರಕ್ಕಿರುವ ಜಾಗ. ನಮ್ಮ ಅಕ್ಷಾಂಶಕ್ಕಿಂತ ಸುಮಾರು 375 ಕಿ.ಮೀ. ದಕ್ಷಿಣ!

ಯಾಕೆ ಹೀಗೆ? ಉತ್ತರ ಧ್ರುವದಿಂದ ಹತ್ತು ಮೀಟರ್ ದೂರದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ‘ಪಶ್ಚಿಮಕ್ಕೇ ಹೋಗ್ತೀನಿ’ ಅಂತ ಹಟ ಹಿಡಿದರೆ ಧ್ರುವದ ಸುತ್ತ ಗಿರಕಿ ಹೊಡೆಯಬೇಕು, ಹೆಜ್ಜೆ ಹೆಜ್ಜೆಗೂ ಬಲಕ್ಕೆ ತಿರುಗಬೇಕು. ಕಲಬುರಗಿಯಲ್ಲೂ ಅದೇ ಕತೆ. ಇಲ್ಲಿ ತಿರುವು ತೀರಾ ಸಣ್ಣದು, ಅದಕ್ಕೇ ಗೊತ್ತಾಗುವುದಿಲ್ಲ. ತಿರುಗದೆ ನೇರ ಹೋದವರು ಅಕ್ಷಾಂಶದ ಗೆರೆ ಬಿಟ್ಟು ಸಮಭಾಜಕದ ಕಡೆ ಜಾರುತ್ತಾರೆ. ಮೆಕೆಲೆ ಹತ್ತಿರ ಬರುವಾಗ ಅವರ ಮುಖ 270°ಗೆ ಅಲ್ಲ, ಸುಮಾರು 260°ಗೆ ಇರುತ್ತದೆ.

ಗೋಳದ ಮೇಲಿನ ಈ ತ್ರಿಕೋನಗಳನ್ನು ಸಾವಿರ ವರ್ಷದ ಹಿಂದೆಯೇ ಗಣಿತ, ಖಗೋಳ ಬಲ್ಲ ವಿದ್ವಾಂಸ ಅಲ್ ಬಿರೂನಿ ಪಳಗಿಸಿದ್ದ. ಘಜ್ನಿಯಿಂದ ಮೆಕ್ಕಾದ ದಿಕ್ಕು ಯಾವುದು ಅನ್ನುವುದು ಅವನ ಪ್ರಶ್ನೆ. ನಮ್ಮದು ಅದರ ಮಗ್ಗುಲ ಲೆಕ್ಕ.

ಭೂಮಿ ಪಕ್ಕಾ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಹಾಗಾಗಿ ಈ ಸೂತ್ರ ಸಾವಿರ ಕಿ.ಮೀ.ಗೆ ಸುಮಾರು ಐದು ಕಿ.ಮೀ. ವರೆಗೂ ತಪ್ಪಬಹುದು. ಹೊಲದ ಬಾಂದು ಕಲ್ಲು ಹುಡುಕುವಷ್ಟು ದೂರಕ್ಕೆ ಇದರ ಚಿಂತೆ ಬೇಡ.

ದೊಡ್ಡ ಎಡವಟ್ಟು ಆಗುವುದು ಎಕ್ಸೆಲ್‌ನಲ್ಲಿ. ಅಲ್ಲಿ `SIN` ಕೇಳುವುದು ರೇಡಿಯನ್, ಡಿಗ್ರಿ ಕೊಟ್ಟರೆ ಊರೇ ಬದಲಾಗುತ್ತದೆ. `ATAN2`ನಲ್ಲಿ ಎರಡು ಬೆಲೆಗಳ ಕ್ರಮವೂ ಮೇಲಿನ ಸೂತ್ರಕ್ಕೆ ಉಲ್ಟಾ. ಪರೀಕ್ಷೆ ಸುಲಭ: θ ಜಾಗದಲ್ಲಿ 0 ಹಾಕಿ, 100 ಕಿ.ಮೀ. ಉತ್ತರಕ್ಕೆ ಹೋಗಿ. ರೇಖಾಂಶ 76.83 ಇದ್ದಲ್ಲೇ ಇರಬೇಕು. ಅದು ಒಮ್ಮೆಲೇ 90° ಜಿಗಿದು 166.83 ಆದರೆ ಆ ಎರಡು ಬೆಲೆಗಳನ್ನು ಅದಲುಬದಲು ಮಾಡಿ.